VLOOKUP ಎಲ್ಲವೂ ಸಿಕ್ಕಿತು ಎನ್ನುತ್ತದೆ, ಬ್ಯಾಂಕ್ ಶಿಲ್ಕು ಮಾತ್ರ ತಾಳೆಯಾಗುತ್ತಿಲ್ಲ

ಪ್ರಶ್ನೆ: ರಾಣೆಬೆನ್ನೂರಿನ ಒಂದು ಬೀಜ-ಗೊಬ್ಬರದ ಅಂಗಡಿಗೆ ಲೆಕ್ಕ ಬರೆಯುತ್ತೇನೆ. ಜೂನ್ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನ ಶಿಲ್ಕು 2,32,687.30 ರೂಪಾಯಿ, ಟ್ಯಾಲಿಯ ಬ್ಯಾಂಕ್ ಲೆಡ್ಜರಿನಲ್ಲಿ 1,86,215. ಮೇ ಕೊನೆಯಲ್ಲಿ ಎರಡೂ ಸರಿಯಿದ್ದವು. ಎರಡನ್ನೂ ಎಕ್ಸೆಲ್‌ಗೆ ತಂದು ಮೊತ್ತದ ಮೇಲೆ VLOOKUP ಹಾಕಿದೆ. #N/A ಬಂದದ್ದು ಎರಡಕ್ಕೆ ಮಾತ್ರ: ಬ್ಯಾಂಕ್ ಹಿಡಿದುಕೊಂಡ 17.70 ರೂಪಾಯಿ ಶುಲ್ಕ, ನಾವು ಕೊಟ್ಟು ಇನ್ನೂ ಬ್ಯಾಂಕಿಗೆ ಬಾರದ 14,250ರ ಚೆಕ್. ಅವನ್ನು ಲೆಕ್ಕಕ್ಕೆ ತೆಗೆದುಕೊಂಡರೂ 32,240 ವ್ಯತ್ಯಾಸ ಉಳಿಯುತ್ತದೆ. ಆ ಮೊತ್ತದ ನಮೂದು ಎಲ್ಲೂ ಇಲ್ಲ. ಅರ್ಧ ಮಾಡಿ 16,120 ಎಂದೂ ಹುಡುಕಿದೆ. ಎರಡೂ ಹಾಳೆಗಳನ್ನು ಕಳಿಸಿದ್ದೇನೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಸೂತ್ರವನ್ನು ಸರಿಯಾಗಿಯೇ ಬರೆದಿದ್ದೀರಿ, ನಾಲ್ಕನೆಯ ಜಾಗದಲ್ಲಿ FALSE ಕೂಡ ಇದೆ. ಆದರೆ VLOOKUP ಹುಡುಕುವ ರೀತಿಯೇ ಈ ಕೆಲಸಕ್ಕೆ ಸಾಲದು. ಅದು ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಮೊದಲು ಸಿಕ್ಕಿದ ಸಾಲಿನಲ್ಲಿ ನಿಂತುಬಿಡುತ್ತದೆ. ಆ ಸಾಲು ಈಗಾಗಲೇ ಬೇರೊಂದು ನಮೂದಿಗೆ ಜೋಡಿಯಾಗಿದೆಯೇ ಎಂಬುದು ಅದಕ್ಕೆ ತಿಳಿಯದು. ಮುಂದಿನ ನಮೂದು ಬಂದಾಗ ಮತ್ತೆ ಅದೇ ಸಾಲನ್ನು ತೋರಿಸಿ ‘ಇದೆ’ ಎನ್ನುತ್ತದೆ.

ನಿಮ್ಮ ಸ್ಟೇಟ್‌ಮೆಂಟಿನಲ್ಲಿ 8,640 ರೂಪಾಯಿ ಮೂರು ಸಲ ಜಮೆಯಾಗಿದೆ: ಜೂನ್ 6, 14 ಮತ್ತು 21. ಲೆಡ್ಜರಿನಲ್ಲಿ ಇರುವುದು ಎರಡೇ: 6 ಮತ್ತು 21. ಬ್ಯಾಂಕಿನ ಮೂರೂ ಸಾಲುಗಳು ಲೆಡ್ಜರಿನ 6ನೇ ತಾರೀಖಿನ ಒಂದೇ ನಮೂದನ್ನು ಹಿಡಿದುಕೊಂಡಿವೆ. ಇನ್ನೊಂದು ಕಡೆ, ಕಂಪನಿಗೆ ನೆಫ್ಟ್ ಮಾಡಿದ 23,600 ರೂಪಾಯಿ ಬ್ಯಾಂಕಿನಲ್ಲಿ ಜೂನ್ 10ರಂದು ಒಮ್ಮೆ ಹೋಗಿದೆ, ಲೆಡ್ಜರಿನಲ್ಲಿ 10ಕ್ಕೂ 12ಕ್ಕೂ ಖರ್ಚಾಗಿದೆ. ಆ ಎರಡೂ ಸಾಲುಗಳು ಬ್ಯಾಂಕಿನ ಒಂದೇ ನಮೂದನ್ನು ನೋಡಿ ತೃಪ್ತವಾಗಿವೆ. ಒಂದು ಜಮೆ ಬರೆಯುವುದು ಬಿಟ್ಟುಹೋಗಿ ಲೆಡ್ಜರ್ 8,640ರಷ್ಟು ಕಡಿಮೆಯಾಯಿತು, ಒಂದು ಖರ್ಚು ಎರಡು ಸಲ ಬಿದ್ದು 23,600ರಷ್ಟು ಮತ್ತೆ ಕಡಿಮೆಯಾಯಿತು. ಎರಡನ್ನೂ ಕೂಡಿದರೆ 32,240.

ವ್ಯತ್ಯಾಸವನ್ನು ಅರ್ಧ ಮಾಡಿ ಹುಡುಕುವ ರೂಢಿ ಒಳ್ಳೆಯದೇ. ಜಮೆಯನ್ನು ಖರ್ಚಿನ ಕಡೆಗೆ ಬರೆದ ತಪ್ಪು ಅದರಿಂದ ಸಿಗುತ್ತದೆ. ಆದರೆ ಎರಡು ಬೇರೆ ಬೇರೆ ತಪ್ಪುಗಳು ಕೂಡಿ ಆದ ವ್ಯತ್ಯಾಸ ಯಾವ ಒಂದು ಅಂಕಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ನಿಮ್ಮಂಥ ಅಂಗಡಿಗಳಲ್ಲಿ ಇದು ಹೆಚ್ಚು. ಬಿತ್ತನೆಯ ಕಾಲದಲ್ಲಿ ಹಳ್ಳಿಯ ವ್ಯಾಪಾರಿಗಳು ಹತ್ತು ಪೊಟ್ಟಣ, ಇಪ್ಪತ್ತು ಪೊಟ್ಟಣ ಎಂದು ಒಂದೇ ಅಳತೆಯಲ್ಲಿ ಒಯ್ಯುವುದರಿಂದ ಒಂದೇ ಮೊತ್ತ ತಿಂಗಳಿಡೀ ಬರುತ್ತಲೇ ಇರುತ್ತದೆ. ಹೀಗಿರುವಾಗ ‘ಈ ಮೊತ್ತ ಅಲ್ಲಿ ಇದೆಯೇ’ ಎಂದು ಕೇಳಿದರೆ ಸಾಲದು, ‘ಈ ಮೊತ್ತ ಇಷ್ಟನೆಯ ಸಲ ಬಂದದ್ದಕ್ಕೆ ಅಲ್ಲಿಯೂ ಅಷ್ಟನೆಯದು ಇದೆಯೇ’ ಎಂದು ಕೇಳಬೇಕು. ಅದಕ್ಕೆ ಒಂದು ಎಣಿಕೆಯ ಕಾಲಂ ಸಾಕು.

ಸೂತ್ರ ಹಾಕುವ ಮೊದಲು ಹಾಳೆಗಳನ್ನು ಹದಗೊಳಿಸಿ. ನಾನು ಇಲ್ಲಿ ಬ್ಯಾಂಕಿನ ಹಾಳೆಗೆ Bank ಎಂದೂ ಟ್ಯಾಲಿಯಿಂದ ತಂದದ್ದಕ್ಕೆ Ledger ಎಂದೂ ಹೆಸರಿಟ್ಟುಕೊಂಡಿದ್ದೇನೆ. ಎರಡರಲ್ಲೂ A ಕಾಲಮಿನಲ್ಲಿ ದಿನಾಂಕ, B ಯಲ್ಲಿ ವಿವರ ಅಥವಾ ಪಾರ್ಟಿಯ ಹೆಸರು, C ಯಲ್ಲಿ ಚೆಕ್ ಅಥವಾ ಯುಟಿಆರ್ ಸಂಖ್ಯೆ ಇರಲಿ. Bank ಹಾಳೆಯ D ಯಲ್ಲಿ ಹೋದ ಹಣ, E ಯಲ್ಲಿ ಬಂದ ಹಣ. Ledger ಹಾಳೆಯ D ಯಲ್ಲಿ ಡೆಬಿಟ್, E ಯಲ್ಲಿ ಕ್ರೆಡಿಟ್. ಆರಂಭದ ಶಿಲ್ಕು, ತಿಂಗಳ ಮೊತ್ತ, ಪುಟದ ಮೊತ್ತದಂಥ ಸಾಲುಗಳನ್ನು ತೆಗೆದುಹಾಕಿ. ಎರಡನ್ನೂ ಹಳೆಯ ದಿನಾಂಕದಿಂದ ಹೊಸದಕ್ಕೆ ಜೋಡಿಸಿ. ಕೆಲವು ಬ್ಯಾಂಕುಗಳ ಸ್ಟೇಟ್‌ಮೆಂಟ್ ಹೊಸ ದಿನಾಂಕದಿಂದ ಶುರುವಾಗುತ್ತದೆ, ಅದನ್ನು ತಿರುಗಿಸದೆ ಎಣಿಕೆ ಹಾಕಿದರೆ ಜೋಡಿಗಳೆಲ್ಲ ತಲೆಕೆಳಗಾಗುತ್ತವೆ.

ಬ್ಯಾಂಕಿನಿಂದ ಇಳಿಸಿಕೊಂಡ ಕಡತದಲ್ಲಿ ಮೊತ್ತ ಹಲವು ಬಾರಿ ಸಂಖ್ಯೆಯಾಗಿರದೆ ಪಠ್ಯವಾಗಿರುತ್ತದೆ. ಕಣ್ಣಿಗೆ 8,640.00 ಎಂದೇ ಕಾಣುತ್ತದೆ, ಆದರೆ ಒಳಗೆ ಅದು ಅಕ್ಷರಗಳ ಸಾಲು. SUM ಅಂಥವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹಾಗಾಗಿ ಮೊದಲ ಪರೀಕ್ಷೆ ಇದು: ಆರಂಭದ ಶಿಲ್ಕಿಗೆ E ಕಾಲಮಿನ ಮೊತ್ತ ಕೂಡಿಸಿ D ಕಾಲಮಿನ ಮೊತ್ತ ಕಳೆದರೆ ಸ್ಟೇಟ್‌ಮೆಂಟಿನ ಕೊನೆಯ ಶಿಲ್ಕೇ ಬರಬೇಕು. ಬಾರದಿದ್ದರೆ ಪಠ್ಯವಾಗಿ ಕುಳಿತ ಮೊತ್ತಗಳಿವೆ ಅಥವಾ ಸಾಲುಗಳು ಬಿಟ್ಟುಹೋಗಿವೆ ಎಂದರ್ಥ. ಪಠ್ಯವನ್ನು ಸಂಖ್ಯೆಯಾಗಿಸಲು ಅಲ್ಪವಿರಾಮವನ್ನೂ, ಅಂತರ್ಜಾಲದಿಂದ ಬಂದ ಕಡತಗಳಲ್ಲಿ ಅಡಗಿರುವ ವಿಶೇಷ ಖಾಲಿ ಜಾಗವನ್ನೂ ತೆಗೆಯಬೇಕು. ಸಾಮಾನ್ಯ TRIM ಈ ಖಾಲಿ ಜಾಗವನ್ನು ಮುಟ್ಟುವುದಿಲ್ಲ, ಅದಕ್ಕೇ CHAR(160):

```
=VALUE(TRIM(SUBSTITUTE(SUBSTITUTE(E2,CHAR(160),""),",","")))
```

ಖಾಲಿ ಕೋಶಕ್ಕೆ ಇದನ್ನು ಹಾಕಿದರೆ #VALUE! ಬರುತ್ತದೆ, ಆದ್ದರಿಂದ ಮೊತ್ತ ಇರುವ ಸಾಲುಗಳಿಗಷ್ಟೇ ಹಾಕಿ. ಬಂದ ಉತ್ತರವನ್ನು ಮೌಲ್ಯವಾಗಿ ಮೂಲ ಕಾಲಮಿಗೆ ಅಂಟಿಸಿ.

ದಿನಾಂಕದಲ್ಲಿ ಇನ್ನೊಂದು ಅಪಾಯವಿದೆ. ಕಂಪ್ಯೂಟರಿನ ಪ್ರಾದೇಶಿಕ ಹೊಂದಾಣಿಕೆ ಅಮೆರಿಕದ ಪದ್ಧತಿಯಲ್ಲಿದ್ದರೆ ಜೂನ್ 12 ಎಂಬುದು ಡಿಸೆಂಬರ್ 6 ಆಗುತ್ತದೆ, ಜೂನ್ 14 ಮಾತ್ರ ದಿನಾಂಕವಾಗದೆ ಪಠ್ಯವಾಗಿ ಉಳಿಯುತ್ತದೆ. ಗುರುತು ಸುಲಭ: 1ರಿಂದ 12ರವರೆಗಿನ ತಾರೀಖುಗಳು ಕೋಶದ ಬಲಕ್ಕೂ 13ರಿಂದ ಮುಂದಿನವು ಎಡಕ್ಕೂ ಅಂಟಿಕೊಂಡಿರುತ್ತವೆ. ಹೀಗೆ ಒಮ್ಮೆ ತಿರುಚಿಕೊಂಡ ದಿನಾಂಕಗಳನ್ನು ಅಲ್ಲೇ ತಿದ್ದಲು ಹೋಗಬೇಡಿ. ಕಡತವನ್ನು ಮತ್ತೆ ಪಠ್ಯವಾಗಿಯೇ ತಂದು, Data ಪಟ್ಟಿಯ Text to Columns ನ ಮೂರನೆಯ ಹೆಜ್ಜೆಯಲ್ಲಿ Date: DMY ಆರಿಸಿ.

ಇಷ್ಟಾದ ಮೇಲೆ F ಕಾಲಂ. ಬ್ಯಾಂಕಿನಲ್ಲಿ ಕ್ರೆಡಿಟ್ ಆದದ್ದು ನಮ್ಮ ಪುಸ್ತಕದಲ್ಲಿ ಡೆಬಿಟ್ ಆಗಿರುವುದರಿಂದ ಎರಡೂ ಕಡೆ ಒಂದೇ ಚಿಹ್ನೆ ಬರುವಂತೆ ಮಾಡಿಕೊಳ್ಳಬೇಕು: ಬಂದ ಹಣ ಧನ, ಹೋದ ಹಣ ಋಣ. ಮೊದಲನೆಯ ಸೂತ್ರ Bank ಹಾಳೆಯ F2 ಗೆ, ಎರಡನೆಯದು Ledger ಹಾಳೆಯ F2 ಗೆ:

```
=ROUND(E2-D2,2)
=ROUND(D2-E2,2)
```

ROUND ಅನ್ನು ಬಿಡಬೇಡಿ. ಕಂಪ್ಯೂಟರ್ ಪೈಸೆಗಳನ್ನು ದ್ವಿಮಾನದಲ್ಲಿ ಇಟ್ಟುಕೊಳ್ಳುವುದರಿಂದ ಲೆಕ್ಕ ಹಾಕಿ ಬಂದ 17.70 ಮತ್ತು ಟೈಪ್ ಮಾಡಿದ 17.70 ಎಷ್ಟೋ ದಶಮಾಂಶದ ಆಚೆ ಬೇರೆಯಾಗಿರಬಹುದು, ಆಗ ಹೊಂದಬೇಕಾದದ್ದು ಹೊಂದುವುದಿಲ್ಲ. ಚಿಹ್ನೆಯೂ ಮುಖ್ಯ. ಅದಿಲ್ಲದೆ ಹೋದರೆ 8,640 ಬಂದದ್ದೂ 8,640 ಹೋದದ್ದೂ ಒಂದೇ ಎಂದಾಗಿ, ವಿಫಲವಾಗಿ ವಾಪಸಾದ ಯುಪಿಐ ಪಾವತಿಯೊಂದು ಯಾರದೋ ಜಮೆಗೆ ಜೋಡಿಯಾಗಿಬಿಡುತ್ತದೆ.

ಈಗ ಎಣಿಕೆ. G2 ನಲ್ಲಿ ಈ ಮೊತ್ತ ಇಲ್ಲಿಯವರೆಗೆ ಎಷ್ಟನೆಯ ಸಲ ಬಂದಿದೆ ಎಂಬುದು, H2 ನಲ್ಲಿ ಮೊತ್ತವನ್ನೂ ಎಣಿಕೆಯನ್ನೂ ಕೂಡಿಸಿದ ಕೀಲಿ. ಎರಡೂ ಹಾಳೆಗಳಿಗೆ ಇವೇ ಸೂತ್ರಗಳು:

```
=COUNTIF(F$2:F2,F2)
=TEXT(F2,"0.00")&"|"&G2
```

F$2:F2 ಎಂಬಲ್ಲಿ ಮೊದಲ 2 ರ ಮುಂದೆ ಮಾತ್ರ ಡಾಲರ್ ಚಿಹ್ನೆ ಇರುವುದನ್ನು ಗಮನಿಸಿ. ಸೂತ್ರವನ್ನು ಕೆಳಗೆ ಎಳೆದಂತೆ ವ್ಯಾಪ್ತಿ ಉದ್ದವಾಗುತ್ತಾ ಹೋಗಬೇಕು, ಆದರೆ ತಲೆ ಅಲ್ಲೇ ಇರಬೇಕು. ಎರಡಕ್ಕೂ ಡಾಲರ್ ಹಾಕಿದರೆ ಮೂರೂ ಸಾಲುಗಳಿಗೆ 3 ಎಂದೇ ಬಂದು ಎಣಿಕೆಯ ಉದ್ದೇಶವೇ ಕೆಡುತ್ತದೆ. ಸರಿಯಾಗಿ ಹಾಕಿದಾಗ ನಿಮ್ಮ ಬ್ಯಾಂಕ್ ಹಾಳೆಯಲ್ಲಿ 8640.00|1, 8640.00|2, 8640.00|3 ಎಂದು ಮೂರು ಬೇರೆ ಬೇರೆ ಕೀಲಿಗಳು ಬರುತ್ತವೆ, ಲೆಡ್ಜರಿನಲ್ಲಿ ಮೊದಲ ಎರಡು ಮಾತ್ರ.

ಇನ್ನು I ಕಾಲಮಿನಲ್ಲಿ ಹುಡುಕಾಟ. VLOOKUP ಗಿಂತ MATCH ಅನುಕೂಲ, ಏಕೆಂದರೆ ಸಾಲು ಎಲ್ಲಿದೆ ಎಂಬುದೇ ನಮಗೆ ಬೇಕು ಮತ್ತು ಕೀಲಿ ಎಡಗಡೆಯ ಮೊದಲ ಕಾಲಮಿನಲ್ಲೇ ಇರಬೇಕೆಂಬ ಕಟ್ಟಳೆ ಇಲ್ಲ. Bank ಹಾಳೆಗೆ ಮೊದಲನೆಯದು, Ledger ಹಾಳೆಗೆ ಎರಡನೆಯದು:

```
=IF(ISNUMBER(MATCH(H2,Ledger!$H$2:$H$400,0)),"ಹೊಂದಿದೆ","ಲೆಡ್ಜರಿನಲ್ಲಿ ಇಲ್ಲ")
=IF(ISNUMBER(MATCH(H2,Bank!$H$2:$H$400,0)),"ಹೊಂದಿದೆ","ಬ್ಯಾಂಕಿನಲ್ಲಿ ಇಲ್ಲ")
```

ಎರಡೂ ದಿಕ್ಕಿನಿಂದ ನೋಡಲೇಬೇಕು. ಬ್ಯಾಂಕಿನ ಕಡೆಯಿಂದ ಮಾತ್ರ ಹುಡುಕಿದರೆ ಬಿಟ್ಟುಹೋದ ಜಮೆ ಸಿಗುತ್ತದೆ, ಎರಡು ಸಲ ಬರೆದ ಖರ್ಚು ಸಿಗುವುದಿಲ್ಲ. ನಿಮ್ಮ ಹಾಳೆಗಳಲ್ಲಿ ಈಗ ನಾಲ್ಕು ಸಾಲುಗಳು ಹೊರಗೆ ಬೀಳುತ್ತವೆ. ಬ್ಯಾಂಕಿನಲ್ಲಿದ್ದು ಲೆಡ್ಜರಿನಲ್ಲಿ ಇಲ್ಲದ್ದು 8,640ರ ಜಮೆ ಮತ್ತು 17.70ರ ಶುಲ್ಕ. ಲೆಡ್ಜರಿನಲ್ಲಿದ್ದು ಬ್ಯಾಂಕಿನಲ್ಲಿ ಇಲ್ಲದ್ದು 23,600 ಮತ್ತು 14,250ರ ಖರ್ಚುಗಳು.

ಇಲ್ಲಿಗೆ ಪಟ್ಟಿ ಪೂರ್ತಿಯಾಯಿತೇ ಎಂದು ತಿಳಿಯಲು ಒಂದು ನೇರವಾದ ಪರೀಕ್ಷೆ ಇದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬಿಡಲೇಬಾರದ್ದು ಇದೊಂದೇ. ಆರಂಭದ ಶಿಲ್ಕು ಎರಡೂ ಕಡೆ ಒಂದೇ ಆಗಿದ್ದರೆ, ಬ್ಯಾಂಕಿನಲ್ಲಿ ಜೋಡಿ ಸಿಗದ ಸಾಲುಗಳ ಮೊತ್ತದಿಂದ ಲೆಡ್ಜರಿನಲ್ಲಿ ಜೋಡಿ ಸಿಗದ ಸಾಲುಗಳ ಮೊತ್ತವನ್ನು ಕಳೆದಾಗ, ಎರಡು ಕೊನೆಯ ಶಿಲ್ಕುಗಳ ನಡುವಿನ ವ್ಯತ್ಯಾಸವೇ ಪೈಸೆ ಸಮೇತ ಬರಬೇಕು. ಜೋಡಿಯಾದವು ಎರಡೂ ಕಡೆ ಸಮವಾಗಿರುವುದರಿಂದ ಬೇರೆ ದಾರಿಯೇ ಇಲ್ಲ.

```
=SUMIFS(Bank!F2:F400,Bank!I2:I400,"ಲೆಡ್ಜರಿನಲ್ಲಿ ಇಲ್ಲ")-SUMIFS(Ledger!F2:F400,Ledger!I2:I400,"ಬ್ಯಾಂಕಿನಲ್ಲಿ ಇಲ್ಲ")
```

ನಿಮ್ಮ ಅಂಕಿಗಳನ್ನೇ ಹಾಕಿ ನೋಡೋಣ. ಬ್ಯಾಂಕಿನ ಕಡೆ 8,640ರಲ್ಲಿ 17.70 ಕಳೆದು 8,622.30. ಲೆಡ್ಜರಿನ ಕಡೆ 23,600 ಮತ್ತು 14,250 ಎರಡೂ ಖರ್ಚು, ಅಂದರೆ ಋಣ 37,850. ಋಣವನ್ನು ಕಳೆಯುವುದೆಂದರೆ ಕೂಡಿಸುವುದು, ಉತ್ತರ 46,472.30. ಶಿಲ್ಕುಗಳ ವ್ಯತ್ಯಾಸ, 2,32,687.30ರಲ್ಲಿ 1,86,215 ಕಳೆದರೆ, ಅದೇ 46,472.30. ಪಟ್ಟಿ ಪೂರ್ತಿಯಾಗಿದೆ. ನಿಮ್ಮ ಹಳೆಯ VLOOKUP ಫಲಿತಾಂಶಕ್ಕೆ ಇದೇ ಪರೀಕ್ಷೆ ಹಾಕಿದ್ದರೆ 14,232.30 ಬಂದು, ಜೋಡಿಯೇ ಸುಳ್ಳು ಎಂಬುದು ಅಲ್ಲೇ ಗೊತ್ತಾಗುತ್ತಿತ್ತು. ಎಣಿಕೆ ಹಾಕಿದ ಮೇಲೂ ಈ ಪರೀಕ್ಷೆ ತಪ್ಪಿದರೆ ನೋಡಬೇಕಾದದ್ದು ಮೂರು: ಸೂತ್ರಗಳನ್ನು ಕೊನೆಯ ಸಾಲಿನವರೆಗೆ ಎಳೆದಿದ್ದೀರಾ, 400ರ ಗಡಿ ದಾಟಿ ನಮೂದುಗಳಿವೆಯೇ, ಮತ್ತು ಆರಂಭದ ಶಿಲ್ಕು ನಿಜಕ್ಕೂ ಒಂದೇ ಇತ್ತೇ.

ಆದರೆ ಒಂದು ವಿಷಯದಲ್ಲಿ ಹುಷಾರಾಗಿರಿ. ಎಷ್ಟು ಸಾಲು ಹೆಚ್ಚಿವೆ ಎಂಬುದನ್ನು ಈ ಎಣಿಕೆ ಖಚಿತವಾಗಿ ಹೇಳುತ್ತದೆ, ಹೆಚ್ಚಿನದು ಯಾವುದು ಎಂಬುದನ್ನು ಹೇಳುವುದಿಲ್ಲ. ಸೂತ್ರ ‘ಲೆಡ್ಜರಿನಲ್ಲಿ ಇಲ್ಲ’ ಎಂದು ತೋರಿಸುವ 8,640 ಯಾವುದು ನೋಡಿ: ಮೂರನೆಯದು, ಜೂನ್ 21ರದು. ವಾಸ್ತವವಾಗಿ ಬಿಟ್ಟುಹೋಗಿರುವುದು 14ರದು. ಬ್ಯಾಂಕಿನ ಎರಡನೆಯದು ಲೆಡ್ಜರಿನ ಎರಡನೆಯದಕ್ಕೆ, ಅಂದರೆ 21ನೇ ತಾರೀಖಿನದಕ್ಕೆ ಜೋಡಿಯಾಗಿಬಿಟ್ಟಿದೆ. ನೀವು ಸೂತ್ರವನ್ನು ನಂಬಿ 21ನೇ ತಾರೀಖಿಗೆ ಇನ್ನೊಂದು ಜಮೆ ಬರೆದು, ಅದನ್ನು 21ರಂದು ಹಣ ಹಾಕಿದ ವ್ಯಾಪಾರಿಯ ಖಾತೆಗೇ ಹಾಕಿದರೆ ಬ್ಯಾಂಕ್ ಶಿಲ್ಕು ತಾಳೆಯಾಗುತ್ತದೆ. ಆದರೆ 14ರಂದು ಕಟ್ಟಿದವನ ಹೆಸರಿನಲ್ಲಿ ಬಾಕಿ ಹಾಗೇ ಉಳಿಯುತ್ತದೆ, 21ರವನಿಗೆ ಎರಡು ಸಲ ಜಮೆಯಾಗುತ್ತದೆ. ಬಾಕಿ ವಸೂಲಿಗೆ ಹೋದಾಗ ಕಟ್ಟಿದವನೊಡನೆಯೇ ಜಗಳ. ಬ್ಯಾಂಕ್ ಲೆಡ್ಜರ್ ಎಂದೂ ತೋರಿಸಿಕೊಡದ ತಪ್ಪು ಇದು.

ಇದನ್ನು ಹಿಡಿಯಲು Bank ಹಾಳೆಯ J ಕಾಲಮಿನಲ್ಲಿ ಜೋಡಿಯಾದ ಎರಡು ದಿನಾಂಕಗಳ ಅಂತರ ತೆಗೆಯಿರಿ:

```
=IFERROR(A2-INDEX(Ledger!$A$2:$A$400,MATCH(H2,Ledger!$H$2:$H$400,0)),"")
```

ಬ್ಯಾಂಕಿನ ದಿನಾಂಕದಿಂದ ಪುಸ್ತಕದ ದಿನಾಂಕ ಕಳೆದದ್ದು ಇದು. ಯುಪಿಐ ಜಮೆಯಾದರೆ ಅಂತರ 0 ಅಥವಾ 1 ಇರಬೇಕು. ನಾವು ಕೊಟ್ಟ ಚೆಕ್ಕಿಗೆ ಹಲವು ದಿನ ಧನ ಅಂತರ ಬರುವುದು ಸಹಜ, ಏಕೆಂದರೆ ಪುಸ್ತಕದಲ್ಲಿ ಮೊದಲು ಬರೆಯುತ್ತೇವೆ, ಬ್ಯಾಂಕಿನಲ್ಲಿ ಆಮೇಲೆ ಹೋಗುತ್ತದೆ. ನಿಮ್ಮ 14ನೇ ತಾರೀಖಿನ ಸಾಲಿನಲ್ಲಿ ಬರುವುದು ಋಣ 7. ಹಣ ಬಂದು ವಾರದ ನಂತರ ಪುಸ್ತಕಕ್ಕೆ ಹತ್ತಿತೆಂದು ಅದರ ಅರ್ಥ, ನಿತ್ಯ ಬರೆಯುವ ಲೆಕ್ಕದಲ್ಲಿ ಅದು ನಂಬುವಂಥದ್ದಲ್ಲ. ಋಣ ಅಂತರವಿರುವ ಪ್ರತಿ ಜೋಡಿಯನ್ನೂ ಬಿಚ್ಚಿ ನೋಡಿ. ಒಂದೇ ಮೊತ್ತದ ಗುಂಪಿನಲ್ಲಿ ಜೋಡಿ ಎಲ್ಲಿ ಜಾರಿತೋ ಆ ಸಾಲಿನಿಂದಲೇ ಅಂತರ ಕೆಡಲು ಶುರುವಾಗುತ್ತದೆ.

ಇದಕ್ಕಿಂತ ಭದ್ರವಾದ ದಾರಿ ಉಲ್ಲೇಖ ಸಂಖ್ಯೆಯದು. ಚೆಕ್ಕಿಗೆ ಆರು ಅಂಕಿಯ ಸಂಖ್ಯೆ, ಯುಪಿಐಗೆ ಹನ್ನೆರಡು ಅಂಕಿಯದು, ನೆಫ್ಟ್‌ಗೆ ಬ್ಯಾಂಕಿನ ಅಕ್ಷರಗಳಿಂದ ಶುರುವಾಗುವ ಯುಟಿಆರ್ ಇದ್ದೇ ಇರುತ್ತದೆ. ಇವು ಎರಡೂ ಹಾಳೆಗಳಲ್ಲಿ ಇರುವ ಸಾಲುಗಳನ್ನು ಮೊದಲು ಬೇರೆ ಮಾಡಿ ಸಂಖ್ಯೆಯ ಮೇಲೆ ಜೋಡಿಸಿ. ಅದರಲ್ಲಿ ಜೋಡಿಯಾಗದೆ ಉಳಿದವನ್ನೂ ಸಂಖ್ಯೆ ಇಲ್ಲದವನ್ನೂ ಎರಡು ಹೊಸ ಹಾಳೆಗಳಿಗೆ ನಕಲು ಮಾಡಿಕೊಂಡು ಮೇಲಿನ ಮೊತ್ತದ ಎಣಿಕೆ ಹಾಕಿ. ಸಂಖ್ಯೆಯ ಸುತ್ತಿನಲ್ಲೂ ಎಣಿಕೆ ಬೇಕೇ ಬೇಕು. ಇಲ್ಲವಾದರೆ ಒಂದೇ ಯುಟಿಆರ್‌ನಿಂದ ಎರಡು ಸಲ ಬರೆದ ಖರ್ಚು ಮತ್ತೆ ಒಂದೇ ಬ್ಯಾಂಕ್ ನಮೂದಿಗೆ ಅಂಟಿಕೊಳ್ಳುತ್ತದೆ. ಈ ಸುತ್ತಿಗೆ G ಮತ್ತು H ಕಾಲಂಗಳ ಸೂತ್ರ ಹೀಗೆ:

```
=TRIM(C2)&"|"&TEXT(F2,"0.00")
=G2&"|"&COUNTIF(G$2:G2,G2)
```

ಸಂಖ್ಯೆಯ ಜೊತೆ ಮೊತ್ತವನ್ನೂ ಸೇರಿಸಿರುವುದಕ್ಕೆ ಎರಡು ಕಾರಣ. ಚೆಕ್ ಸಂಖ್ಯೆ ಸರಿಯಿದ್ದು ಮೊತ್ತ ತಪ್ಪಾಗಿ ಬರೆದಿದ್ದರೆ ಅದು ಹೊರಗೆ ಬೀಳಬೇಕು. ಇನ್ನೊಂದು COUNTIF ನ ಸ್ವಭಾವಕ್ಕೆ ಸಂಬಂಧಿಸಿದ್ದು. ಅಂಕಿಗಳೇ ತುಂಬಿದ ಪಠ್ಯವನ್ನು ಅದು ಸಂಖ್ಯೆಯೆಂದೇ ಓದುತ್ತದೆ ಮತ್ತು ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳಾಚೆ ನೋಡುವುದಿಲ್ಲ. ಪೇಮೆಂಟ್ ಗೇಟ್‌ವೇಗಳು ಕೊಡುವ 16 ಅಥವಾ 18 ಅಂಕಿಯ ಸಂಖ್ಯೆಗಳು ಕೊನೆಯಲ್ಲಿ ಮಾತ್ರ ಬೇರೆಯಾಗಿದ್ದರೆ COUNTIF ಅವನ್ನು ಒಂದೇ ಎಂದು ಎಣಿಸಿ, ಇಲ್ಲದ ಪುನರಾವೃತ್ತಿಯನ್ನು ತೋರಿಸುತ್ತದೆ. ನಡುವೆ ಗೆರೆ ಚಿಹ್ನೆ ಸೇರಿದೊಡನೆ ಅದು ಅಂಕಿಯಾಗಿ ಉಳಿಯುವುದಿಲ್ಲ, ಇಡಿಯಾಗಿ ಹೋಲಿಕೆಯಾಗುತ್ತದೆ. ಇಂಥ ಉದ್ದದ ಸಂಖ್ಯೆಗಳಿರುವ ಕಾಲಮನ್ನು ಹಾಳೆಗೆ ತರುವಾಗಲೇ Text ಎಂದು ಗುರುತು ಮಾಡಿ, ಸಂಖ್ಯೆಯಾಗಿ ಬಂದರೆ ಕೊನೆಯ ಅಂಕಿಗಳು ಸೊನ್ನೆಯಾಗಿ ಮರಳಿ ಸಿಗದಂತೆ ಹೋಗುತ್ತವೆ. ಚೆಕ್ ಸಂಖ್ಯೆಯಲ್ಲಿ ಬೇರೆ ತೊಡಕು: ಬ್ಯಾಂಕಿನಲ್ಲಿ 000451 ಎಂದೂ ನಿಮ್ಮಲ್ಲಿ 451 ಎಂದೂ ಇರುತ್ತದೆ. ಚೆಕ್ಕುಗಳ ಸಾಲಿಗೆ TRIM(C2) ಬದಲು TEXT(C2,"000000") ಹಾಕಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ.

ಇನ್ನು ನಿಮ್ಮ 23,600ಕ್ಕೆ ಬರೋಣ. ಸೂತ್ರದ ಕಣ್ಣಿಗೆ ಇದೂ 14,250ರ ಚೆಕ್ಕೂ ಒಂದೇ, ಎರಡಕ್ಕೂ ‘ಬ್ಯಾಂಕಿನಲ್ಲಿ ಇಲ್ಲ’ ಎಂಬ ಒಂದೇ ಗುರುತು. ಆದರೆ ಒಂದನ್ನು ಅಳಿಸಬೇಕು, ಇನ್ನೊಂದನ್ನು ಮುಟ್ಟಬಾರದು. ಯಾವುದರ ಮೇಲೆ ಅನುಮಾನಪಡಬೇಕು ಎಂಬುದನ್ನು ತಿಳಿಸಲು Ledger ಹಾಳೆಯಲ್ಲಿ ಇನ್ನೊಂದು ಕಾಲಂ ಸಾಕು. ಜೋಡಿ ಸಿಗದ ಸಾಲಿಗೆ ಅದೇ ಪಾರ್ಟಿ, ಅದೇ ಮೊತ್ತ, ಏಳು ದಿನದ ಆಚೀಚೆ ಇನ್ನೊಂದು ನಮೂದು ಇದ್ದರೆ ಅದು ಗುರುತು ಹಾಕುತ್ತದೆ:

```
=IF(AND(I2="ಬ್ಯಾಂಕಿನಲ್ಲಿ ಇಲ್ಲ",COUNTIFS(B$2:B$400,B2,F$2:F$400,F2,A$2:A$400,">="&A2-7,A$2:A$400,"<="&A2+7)>1),"ಎರಡು ಸಲವೇ?","")
```

ಏಳು ದಿನ ಎಂಬುದು ನನ್ನ ಆಯ್ಕೆ. ವಾರಕ್ಕೊಮ್ಮೆ ಒಂದೇ ಮೊತ್ತ ಕಟ್ಟುವ ಪಾರ್ಟಿ ಇದ್ದರೆ ಅದನ್ನು ಮೂರಕ್ಕೆ ಇಳಿಸಿ. ನಿಮ್ಮಲ್ಲಿ ಇದು 12ರ ನಮೂದಿಗೆ ಮಾತ್ರ ಗುರುತು ಹಾಕುತ್ತದೆ, ಚೆಕ್ಕಿಗೆ ಹಾಕುವುದಿಲ್ಲ. ಗುರುತಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿರುವುದು ಬೇಕೆಂದೇ. ಅಳಿಸುವ ಮುಂಚೆ ಕೈಯಾರೆ ನೋಡಬೇಕಾದ ಕೆಲಸ ಇದೆ.

10ರ ನಮೂದಿನಲ್ಲಿ ಯುಟಿಆರ್ ಇದೆ, 12ರದರಲ್ಲಿ ಇಲ್ಲ, ಬಿಲ್ ಸಂಖ್ಯೆ ಮಾತ್ರ ಇದೆ. ಹಣ ಕಳಿಸಿದ ದಿನ ಒಮ್ಮೆ ಬರೆದು, ಬಿಲ್ ಕೈಗೆ ಬಂದಾಗ ಪಾವತಿಯನ್ನು ಮತ್ತೆ ಬರೆದಂತೆ ಕಾಣುತ್ತದೆ. ಆ ಕಂಪನಿಯ ಖಾತೆಯನ್ನು ಟ್ಯಾಲಿಯಲ್ಲಿ ತೆರೆಯಿರಿ. ಬಿಲ್ಲಿಗಿಂತ 23,600 ಹೆಚ್ಚು ಕಟ್ಟಿದಂತೆ ಡೆಬಿಟ್ ಶಿಲ್ಕು ಇದ್ದರೆ, ಮತ್ತು ಕಂಪನಿಯವರು ಕಳಿಸುವ ಖಾತೆಯ ಪ್ರತಿಯಲ್ಲಿ ಒಂದೇ ಜಮೆ ಇದ್ದರೆ, 12ರದನ್ನು ಅಳಿಸಬಹುದು. ಕಂಪನಿಯಲ್ಲೂ ಎರಡು ಜಮೆ ಇದ್ದರೆ ಹಣ ನಿಜವಾಗಿಯೂ ಎರಡು ಸಲ ಹೋಗಿದೆ, ಆದರೆ ಈ ಬ್ಯಾಂಕಿನಿಂದಲ್ಲ: ನಗದಾಗಿಯೋ ಮಾಲೀಕರ ಸ್ವಂತ ಖಾತೆಯಿಂದಲೋ ಕೊಟ್ಟಿರಬಹುದು. ಆಗ ನಮೂದನ್ನು ಅಳಿಸದೆ ಸರಿಯಾದ ಖಾತೆಗೆ ಬದಲಾಯಿಸಬೇಕು.

14,250ರ ಚೆಕ್ ಹಾಗೇ ಇರಲಿ. ಅದನ್ನು ಜುಲೈ ತಿಂಗಳ Ledger ಹಾಳೆಯ ಮೊದಲ ಸಾಲಾಗಿ ಅದೇ ಹಳೆಯ ದಿನಾಂಕದೊಂದಿಗೆ ಸೇರಿಸಿ, ಇಲ್ಲದಿದ್ದರೆ ಜುಲೈನಲ್ಲಿ ಅದು ಪಾಸಾದಾಗ ಬ್ಯಾಂಕಿನ ಕಡೆ ಒಂಟಿಯಾಗಿ ನಿಲ್ಲುತ್ತದೆ. ಜುಲೈ ಪರೀಕ್ಷೆಯಲ್ಲಿ ಲೆಡ್ಜರಿನ ಆರಂಭದ ಶಿಲ್ಕು ಕೂಡ ಆ 14,250ರಷ್ಟು ಹೆಚ್ಚು ಎಂದು ಹಿಡಿಯಬೇಕು. ಚೆಕ್ಕಿನ ಅವಧಿ ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ಅದನ್ನು ಆರರಿಂದ ಮೂರಕ್ಕೆ ಇಳಿಸಿದೆ. ಅದು ಮುಗಿದ ಮೇಲೂ ಚೆಕ್ ಬಾರದಿದ್ದರೆ ಪಾರ್ಟಿಯನ್ನು ಕೇಳಿ, ಬ್ಯಾಂಕಿನ ಖರ್ಚನ್ನು ತಿರುಗಿಸಿ, ಅವರಿಗೆ ಕೊಡಬೇಕಾದ ಬಾಕಿಯಾಗಿ ತೋರಿಸಿ.

14ರ 8,640 ಯಾರದ್ದೆಂದು ಸ್ಟೇಟ್‌ಮೆಂಟಿನ ವಿವರದಲ್ಲಿ ಕಟ್ಟಿದವರ ಹೆಸರು ನೋಡಿ ತೀರ್ಮಾನಿಸಿ. ಅದರಲ್ಲಿ 6 ಅಥವಾ 21ರ ಪಾರ್ಟಿಯದೇ ಹೆಸರಿದ್ದರೆ ಅವರು ತಪ್ಪಿ ಎರಡು ಸಲ ಕಟ್ಟಿರಲೂಬಹುದು. ಮಾರಾಟ ಎಂದು ಬರೆಯದೆ ಅವರ ಖಾತೆಗೆ ಜಮೆ ಮಾಡಿ ಕೇಳಿ, ಬಿಲ್ಲಿಲ್ಲದಿದ್ದರೆ ಅದು ಹಿಂದಿರುಗಿಸಬೇಕಾದ ಹಣ. ಹೆಸರು ತಿಳಿಯದಿದ್ದರೆ ಸಸ್ಪೆನ್ಸ್ ಖಾತೆಗೆ ಹಾಕಿ. ಸಿಕ್ಕಿದ ವ್ಯಾಪಾರಿಯ ಹೆಸರಿಗೆ ಮಾತ್ರ ತುಂಬಬೇಡಿ. 17.70 ಎಂದರೆ 15 ರೂಪಾಯಿ ಶುಲ್ಕ ಮತ್ತು ಅದರ ಮೇಲಿನ ಶೇಕಡಾ 18ರ ಜಿಎಸ್‌ಟಿ 2.70, ಖರ್ಚು ಬರೆಯುವಾಗ ಬಿಡಿಸಿ ಬರೆದರೂ ಬ್ಯಾಂಕ್ ಲೆಡ್ಜರಿಗೆ 17.70 ಎಂದು ಒಂದೇ ಸಾಲು ಬೀಳಲಿ. ಕೆಲವು ಬ್ಯಾಂಕುಗಳು ಸ್ಟೇಟ್‌ಮೆಂಟಿನಲ್ಲೇ ಎರಡು ಸಾಲು ಮಾಡುತ್ತವೆ, ಆಗ ನೀವೂ ಎರಡಾಗಿ ಬರೆಯಿರಿ.

ಈ ವಿಧಾನ ಕೈಕೊಡುವುದು ಹಲವು ನಮೂದುಗಳಿಗೆ ಬ್ಯಾಂಕಿನಲ್ಲಿ ಒಂದೇ ಜಮೆ ಬಂದಾಗ. ಕೆಲವು ಕಂಪನಿಗಳ ಕ್ಯೂಆರ್ ಫಲಕ ಅಥವಾ ಕಾರ್ಡ್ ಯಂತ್ರ ಇದ್ದರೆ ದಿನದ ವಸೂಲಿಯೆಲ್ಲ ಒಟ್ಟಾಗಿ, ಕೆಲವೊಮ್ಮೆ ಶುಲ್ಕ ಕಳೆದು, ಮರುದಿನ ಬರುತ್ತದೆ. ಒಂದು ಸಾಲಿಗೆ ಒಂದು ಸಾಲು ಎಂಬ ಎಣಿಕೆ ಅಲ್ಲಿ ನಡೆಯುವುದಿಲ್ಲ. ಅಂಥ ವಸೂಲಿಯನ್ನು ನೇರವಾಗಿ ಬ್ಯಾಂಕ್ ಲೆಡ್ಜರಿಗೆ ಬರೆಯಬೇಡಿ. ಆ ಯಂತ್ರದ ಹೆಸರಿನಲ್ಲೇ ಒಂದು ಖಾತೆ ತೆರೆದು ಬಿಲ್ಲುಗಳನ್ನು ಅಲ್ಲಿಗೆ ಜಮೆ ಮಾಡಿ. ಬ್ಯಾಂಕಿಗೆ ಒಟ್ಟು ಬಂದಾಗ ಆ ಖಾತೆಯಿಂದ ಬ್ಯಾಂಕಿಗೆ ಒಂದೇ ನಮೂದು ಹಾಕಿ, ಶುಲ್ಕವನ್ನು ಅದೇ ಖಾತೆಯಿಂದ ಖರ್ಚಿಗೆ ಒಯ್ಯಿರಿ. ಬ್ಯಾಂಕ್ ಲೆಡ್ಜರ್ ಆಗ ಮತ್ತೆ ಸಾಲಿಗೆ ಸಾಲು ನಿಲ್ಲುತ್ತದೆ.

ಜೂನ್ ತಿದ್ದುಪಡಿಗಳಾದ ಮೇಲೆ ನಿಮ್ಮ ಲೆಡ್ಜರ್ ಶಿಲ್ಕು 1,86,215ಕ್ಕೆ 8,640 ಮತ್ತು 23,600 ಕೂಡಿ, 17.70 ಕಳೆದು 2,18,437.30 ಆಗಬೇಕು. ಅದಕ್ಕೆ ಇನ್ನೂ ಪಾಸಾಗದ 14,250 ಸೇರಿದರೆ ಬ್ಯಾಂಕಿನ 2,32,687.30. ಎರಡು ಹಾಳೆಗಳಿಗೂ ಮತ್ತೊಮ್ಮೆ ಸೂತ್ರ ಓಡಿಸಿದಾಗ ಜೋಡಿಯಿಲ್ಲದೆ ಉಳಿಯುವುದು ಆ ಒಂದು ಚೆಕ್ ಮಾತ್ರ, ಮತ್ತು 14ರ ಸಾಲಿನ ದಿನಾಂಕದ ಅಂತರ ಸೊನ್ನೆಗೆ ಬಂದಿರಬೇಕು.